ಕಾಲಿನ ಚಿತ್ರದಲ್ಲಿ ಮರದ ಕುಲ

ಹಳೆಯ ಮಂಚದ ಅಥವಾ ಆರಾಮಕುರ್ಚಿಯ ಕಾಲೊಂದರ ಚಿತ್ರವನ್ನು ತೋರಿಸಿ ಇದು ಯಾವ ಮರವೆಂದು ಕೇಳುವ ಪರಿಪಾಠವು ಮೊಬೈಲು ಫೋನು ಬಂದಮೇಲೆ ಊರೂರಿಗೂ ಹಬ್ಬಿದೆ. ಆದರೆ ವಾಡಿಯಿಂದ ಚಿಂಚೋಳಿಯವರೆಗಿನ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಬೇರೆಡೆಗಿಂತ ಕಷ್ಟ. ಇಲ್ಲಿಯ ಮನೆಗಳಿಗೆ ಮರವು ಒಂದೇ ದಾರಿಯಿಂದ ಬಂದದ್ದಲ್ಲ. ಮುಂಬಯಿಯಿಂದ ರಾಯಚೂರಿಗೆ ಹೋಗುವ ಹಳಿಗಳು 1871ರಲ್ಲಿ ಶಹಾಬಾದ್, ವಾಡಿಗಳ ಮೇಲೆ ಹಾದುಹೋದವು. 1874ರಲ್ಲಿ ನಿಜಾಮರ ರೈಲ್ವೆಯು ವಾಡಿಯಿಂದ ಚಿತ್ತಾಪುರ, ಸೇಡಂಗಳ ಮಾರ್ಗವಾಗಿ ಸಿಕಂದರಾಬಾದಿಗೆ ಮುಟ್ಟಿತು. ಅಂದಿನಿಂದ ದೂರದ ಸಾಗವಾನಿಯು, ಅಂದರೆ ದಕ್ಷಿಣದವರು ತೇಗವೆನ್ನುವ ಮರವು, ಈ ಕಪ್ಪುನೆಲದ ಊರುಗಳಿಗೆ ಸುಲಭವಾಗಿ ಬರತೊಡಗಿತು. ಅದಕ್ಕೆ ಮೊದಲೂ ಆಮೇಲೂ ಹೊಲದ ಬದುವಿನಲ್ಲಿ, ಕಾಗಿಣಾ ದಂಡೆಯ ಹಳ್ಳಗಳಲ್ಲಿ ಬೆಳೆದ ಜಾಲಿ, ಬೇವು, ಮಾವುಗಳೂ ಚಿಂಚೋಳಿ ಕಡೆಯ ಕುಂಚಾವರಂ ಕಾಡಿನ ಮರಗಳೂ ಬಡಿಗೇರರ ಕೈಗೆ ಸಿಗುತ್ತಲೇ ಇದ್ದವು. ಜಾಲಿಯೆಂದರೆ ಇಲ್ಲಿ ನಾಟಿ ಕರಿಜಾಲಿಯೇ ಹೊರತು ರಸ್ತೆಯ ಇಕ್ಕೆಲವನ್ನೂ ಆಕ್ರಮಿಸಿಕೊಂಡಿರುವ ಪರದೇಶದ ಬಳ್ಳಾರಿ ಜಾಲಿಯಲ್ಲ. ಹೀಗಾಗಿ ಈ ಸೀಮೆಯ ಒಂದು ಮನೆಯಲ್ಲಿ ಅಕ್ಕಪಕ್ಕದಲ್ಲಿ ನಿಂತ ಎರಡು ಹೊರಸುಗಳಲ್ಲಿ ಒಂದರ ಕಾಲು ನೂರಾರು ಮೈಲು ಪ್ರಯಾಣ ಮಾಡಿ ಬಂದ ಮರದ್ದೂ ಇನ್ನೊಂದರದು ಹಿತ್ತಿಲಿನಾಚೆಯ ಹೊಲದ ಮರದ್ದೂ ಆಗಿರಬಹುದು. ಎರಡಕ್ಕೂ ಒಂದೇ ಪಾಲಿಶು ಬಳಿದಿದ್ದರೆ ಮನೆಯವರೂ ಭೇದ ಮರೆತಿರುತ್ತಾರೆ.

ಚಿತ್ರವನ್ನು ನೋಡಿ ಮರ ಹೇಳುವವರು ಸಾಮಾನ್ಯವಾಗಿ ಮೂರು ಸಾಕ್ಷಿಗಳನ್ನು ಕೇಳುತ್ತಾರೆ: ಬಣ್ಣ, ಎಳೆ ಮತ್ತು ತೂಕ. ಕಣ್ಣು ಮೊದಲು ನಂಬುವುದು ಬಣ್ಣವನ್ನು, ಆಮೇಲೆ ತೂಕವನ್ನು, ಕೊನೆಗೆ ಎಳೆಯನ್ನು. ನಂಬಬೇಕಾದ ಕ್ರಮ ಮಾತ್ರ ಇದಕ್ಕೆ ತಿರುವುಮುರುವಾಗಿದೆ.

ಬಣ್ಣದ ತೊಂದರೆಯು ಮರದಲ್ಲಿ ಆರಂಭವಾಗುವುದಕ್ಕೆ ಮೊದಲೇ ಬೆಳಕಿನಲ್ಲಿ ಆರಂಭವಾಗುತ್ತದೆ. ಹಳದಿ ಬಲ್ಬಿನ ಕೆಳಗೆ ತೆಗೆದ ಚಿತ್ರದಲ್ಲಿ ಎಲ್ಲ ಮರವೂ ಕೆಂಪಗೆ ಕಾಣುತ್ತದೆ. ನೆರಳಿನಲ್ಲಿ ತೆಗೆದ ಚಿತ್ರದಲ್ಲಿ ಅದೇ ಮರ ಬೂದುಗಂದಾಗುತ್ತದೆ. ಇದನ್ನು ಸರಿಪಡಿಸಲು ಚಿತ್ರದೊಳಗೆ ಬಣ್ಣ ಗೊತ್ತಿರುವ ವಸ್ತುವೊಂದು ಇರಬೇಕು, ಮತ್ತು ಈ ಸೀಮೆಯಲ್ಲಿ ಅಂಥ ವಸ್ತು ಕಾಲಿನ ಅಡಿಯಲ್ಲೇ ಹಾಸಿಕೊಂಡಿರುತ್ತದೆ. ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯ, ನಯವಾದ ಕಣದ, ಬಹುಪಾಲು ಬೂದುಬಣ್ಣದ ಹಾಸುಗಲ್ಲು. ಛಾಯಾಗ್ರಾಹಕರು ಬೆಳಕನ್ನು ಅಳೆಯಲು ಬಳಸುವ ಬೂದು ಹಲಗೆಯ ಕೆಲಸವನ್ನು ಅದು ತಕ್ಕಮಟ್ಟಿಗೆ ಮಾಡಿಕೊಡುತ್ತದೆ. ಚಿತ್ರದಲ್ಲಿ ನೆಲವು ಕಿತ್ತಳೆ ಛಾಯೆಗೆ ತಿರುಗಿದ್ದರೆ, ಆ ನೆಲ ಮತ್ತೆ ಬೂದಾಗುವಷ್ಟು ಬಣ್ಣವನ್ನು ಫೋನಿನಲ್ಲೇ ತಿದ್ದಿ, ಅನಂತರ ಕಾಲಿನತ್ತ ಕಣ್ಣು ಹಾಯಿಸಬೇಕು. ಆದರೆ ಈ ಕಲ್ಲಿನಲ್ಲಿಯೂ ನೀಲಿಗೂ ನಸುಗೆಂಪಿಗೂ ವಾಲುವ ಬಗೆಗಳುಂಟು, ಮತ್ತು ವರ್ಷಾನುಗಟ್ಟಲೆ ಎಣ್ಣೆ ಕುಡಿದ ಅಡುಗೆಮನೆಯ ಹಾಸು ತಾನೇ ಕಂದಾಗಿರುತ್ತದೆ. ಆದುದರಿಂದ ಕಾಲಿನ ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನೂ ಇಡಿಸುವುದು ಜಾಣತನ.

ಬೆಳಕನ್ನು ತಿದ್ದಿದ ಮೇಲೂ ಕಾಣುವುದು ಮರದ ಬಣ್ಣವಲ್ಲ, ಅದರ ಮೇಲಿನ ಲೇಪದ ಬಣ್ಣ. ಹಳೆಯ ಪೀಠೋಪಕರಣಕ್ಕೆ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯಿಂದ ತೀಡಿದ ಪಾಲಿಶನ್ನು ಬಳಿಯುತ್ತಿದ್ದರು. ಅರಗು ತಾನೇ ಕೆಂಗಂದು. ಅದಕ್ಕೂ ಮುಂಚೆ ಮರದ ಸಣ್ಣ ರಂಧ್ರಗಳನ್ನು ಮುಚ್ಚಲು ಸೀಮೆಸುಣ್ಣದ ಪುಡಿಗೆ ಕೆಮ್ಮಣ್ಣನ್ನು ಕಲಸಿ ಉಜ್ಜುತ್ತಿದ್ದರು. ಬೇವಿನ ಕಾಲನ್ನೂ ಜಾಲಿಯ ಕಾಲನ್ನೂ ಶೀಸಂ ಎಂದು ಮಾರಬೇಕಾದಾಗ ಕಪ್ಪು ಬಣ್ಣವನ್ನು ಬೆರೆಸಿಕೊಂಡರಾಯಿತು. ವಯಸ್ಸೂ ಬಣ್ಣವನ್ನು ಬದಲಿಸುತ್ತದೆ: ಹೊಸದಾಗಿ ಕೊಯ್ದ ಜಾಲಿಯ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿಮರ, ನಸುಗೆಂಪಾಗಿದ್ದು ಕಾಲಕ್ರಮದಲ್ಲಿ ಕೆಂಗಂದಾಗುತ್ತದೆ, ಸಾಗವಾನಿಯ ಹೊಂಬಣ್ಣವೂ ದಶಕಗಳು ಕಳೆದಂತೆ ಗಾಢ ಕಂದಿಗೆ ಇಳಿಯುತ್ತದೆ. ನೂರು ವರ್ಷದ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ಸೇರುತ್ತವೆ. ಬಣ್ಣವು ಏನನ್ನಾದರೂ ಹೇಳಬೇಕಾದರೆ ಅದು ಲೇಪವಿಲ್ಲದ ಜಾಗದಲ್ಲಿ ಮಾತ್ರ, ಎಂದರೆ ಕಾಲಿನ ತಳದಲ್ಲಿ, ಚಕ್ಕೆ ಎದ್ದ ಅಂಚಿನಲ್ಲಿ, ಚೌಕಟ್ಟಿನ ಪಟ್ಟಿ ಬಂದು ಸೇರುವ ಗುಳಿಯ ಒಳಬದಿಯಲ್ಲಿ.

ತೂಕದ ವಿಷಯ ಇನ್ನೂ ವಿಚಿತ್ರ. ಚಿತ್ರಕ್ಕೆ ತೂಕವಿಲ್ಲ; ಆದರೂ ನೋಡಿದವರು ಭಾರವಾದ ಮರದಂತಿದೆ ಎಂದು ಧೈರ್ಯವಾಗಿ ಹೇಳಿಬಿಡುತ್ತಾರೆ. ಹಾಗೆ ಹೇಳಿಸುವುದು ಬಹುತೇಕ ಕಾಲಿನ ದಪ್ಪ ಮತ್ತು ಕಪ್ಪುಬಣ್ಣ. ಎರಡೂ ಮರದ ಸಾಂದ್ರತೆಗೆ, ಎಂದರೆ ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಗ್ರಾಂ ಮರವಿದೆ ಎಂಬ ಲೆಕ್ಕಕ್ಕೆ, ಸಂಬಂಧಿಸಿದವಲ್ಲ. ಸರಾಸರಿ ಐದೂವರೆ ಸೆಂಟಿಮೀಟರು ವ್ಯಾಸದ, 45 ಸೆಂಟಿಮೀಟರು ಎತ್ತರದ ಕಡೆದ ಕಾಲೊಂದನ್ನು ತೆಗೆದುಕೊಂಡರೆ ಅದರ ಗಾತ್ರ ಸುಮಾರು 1070 ಘನ ಸೆಂಟಿಮೀಟರು ಆಗುತ್ತದೆ. ಒಣಗಿದ ಸಾಗವಾನಿಯ ಸಾಂದ್ರತೆಯನ್ನು 0.65 ಎಂದಿಟ್ಟುಕೊಂಡರೆ ಕಾಲು 700 ಗ್ರಾಮಿನಷ್ಟು ತೂಗುತ್ತದೆ, ಜಾಲಿಯದನ್ನು 0.8 ಎಂದಿಟ್ಟುಕೊಂಡರೆ 860ರಷ್ಟು. ನಡುವಿನ ಅಂತರ 160 ಗ್ರಾಂ, ಕೈಯಲ್ಲಿ ಹಿಡಿದು ಹೋಲಿಸಿದರೂ ಅನುಮಾನ ಉಳಿಯುವಂಥದ್ದು. ಸಾಲದ್ದಕ್ಕೆ ಸಾಗವಾನಿಯೇ ಮರದಿಂದ ಮರಕ್ಕೆ 0.55ರಿಂದ 0.75ರವರೆಗೆ ಸರಿಯುವುದರಿಂದ ಭಾರವಾದ ಸಾಗವಾನಿಯೂ ಹಗುರವಾದ ಜಾಲಿಯೂ ಒಂದೇ ತಕ್ಕಡಿಯಲ್ಲಿ ಸಮ ನಿಲ್ಲಬಹುದು. ಇಷ್ಟು ಸಣ್ಣ ಅಂತರವನ್ನು ಚಿತ್ರದಿಂದ ಕಂಡೆನೆನ್ನುವವರ ಮಾತಿನಲ್ಲಿ ಮರಕ್ಕಿಂತ ಧೈರ್ಯವೇ ಹೆಚ್ಚು ಗಟ್ಟಿ.

ಹಾಗೆಂದು ತೂಕದ ಸಾಕ್ಷಿ ಪೂರ್ತಿ ವ್ಯರ್ಥವಲ್ಲ. ಅದನ್ನು ಪರೋಕ್ಷವಾಗಿ ಕೇಳಬೇಕು. ದಟ್ಟವಾದ ಮರವನ್ನು ತಿರುಗಣಿಯ ಮೇಲೆ, ಅಂದರೆ ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರದ ಮೇಲೆ, ಇಟ್ಟಾಗ ಬಳೆಯಂಥ ಸಣ್ಣ ಉಬ್ಬುಗಳ ಅಂಚು ಚೂಪಾಗಿ ನಿಲ್ಲುತ್ತದೆ, ಮತ್ತು ಐವತ್ತು ವರ್ಷ ಕಸಬರಿಗೆ, ಕಾಲು, ಪೆಟ್ಟಿಗೆಗಳು ತಾಗಿದ ಮೇಲೂ ಆ ಅಂಚು ಮೊಂಡಾಗದೆ ಉಳಿದಿರುತ್ತದೆ. ಹಗುರವಾದ ಮಾವಿನ ಮರದಲ್ಲಿ ಅದೇ ಬಳೆಯ ಅಂಚು ನುಗ್ಗಾಗಿ, ಪೆಟ್ಟು ಬಿದ್ದ ಕಡೆ ನಾರು ಮುರಿಯದೆ ಒಳಕ್ಕೆ ತಗ್ಗಿರುತ್ತದೆ. ತಗ್ಗು ಬಿದ್ದಿದೆಯೋ ಚಕ್ಕೆ ಎದ್ದಿದೆಯೋ ಎಂಬುದನ್ನು ಚಿತ್ರದಲ್ಲಿ ಕಾಣಬಹುದು, ಬೆಳಕು ಪಕ್ಕದಿಂದ ಬಿದ್ದಿದ್ದರೆ. ಹುಳದ ಗುರುತೂ ಹೀಗೆಯೇ ಮಾತಾಡುತ್ತದೆ. ಗೆದ್ದಲು ಒಂದು ಮೂಲೆಯ ಬೆಳ್ಳನೆಯ ಹೊರಮರವನ್ನಷ್ಟೇ ತಿಂದು ಒಳಗಿನ ಕಂದು ಚೇಗಿನ ಗಡಿಯಲ್ಲಿ ನಿಂತುಬಿಟ್ಟಿದ್ದರೆ ಆ ಮರದ ಚೇಗು ಬಾಳಿಕೆಯದು ಎಂದಾಯಿತು. ತಿಂದದ್ದು ಅಂಥ ಗಡಿಯಿಲ್ಲದೆ ಒಳತನಕ ಹೋಗಿದ್ದರೆ ಸಾಗವಾನಿಯ ಹೆಸರನ್ನು ಎತ್ತುವುದಕ್ಕೆ ಮುಂಚೆ ಯೋಚಿಸಬೇಕು. ಮನೆಯವರು ಕಾಲನ್ನು ಬಿಚ್ಚಿ ತೂಗಲು ಒಪ್ಪುವುದಾದರೆ ಸರಿಯಾದ ದಾರಿ ಬೇರೆಯೇ ಇದೆ: ಕಾಲಿನ ಸುತ್ತಳತೆಯನ್ನು ದಾರದಿಂದ ಎರಡೆರಡು ಸೆಂಟಿಮೀಟರಿಗೊಮ್ಮೆ ಅಳೆದು ಪ್ರತಿ ಪದರದ ಗಾತ್ರವನ್ನು ಕೂಡಿಸಿ, ಅಡುಗೆಮನೆಯ ತಕ್ಕಡಿಯ ಅಂಕಿಯನ್ನು ಅದರಿಂದ ಭಾಗಿಸುವುದು. ಹಳೆಯ ಅರಗಿನ ಪಾಲಿಶು ನೀರಿಗೆ ಬೆಳ್ಳಗಾಗುವುದರಿಂದ ಕಾಲನ್ನು ಬಕೀಟಿನಲ್ಲಿ ಮುಳುಗಿಸಿ ಗಾತ್ರ ಅಳೆಯಬಾರದು.

ಇನ್ನು ಉಳಿದದ್ದು ಎಳೆ. ಮರದೊಳಗೆ ಬೇರಿನಿಂದ ನೀರನ್ನು ಮೇಲಕ್ಕೊಯ್ಯುವ ಕೊಳವೆಗಳಿಗೆ ನಾಳಗಳೆನ್ನುತ್ತಾರೆ. ಅಡ್ಡಲಾಗಿ ಕೊಯ್ದ ಮುಖದಲ್ಲಿ ನಾಳಗಳು ಸಣ್ಣ ರಂಧ್ರಗಳಾಗಿ ಕಾಣುತ್ತವೆ; ಉದ್ದಕ್ಕೆ ಕೊಯ್ದ ಮುಖದಲ್ಲಿ ಸೂಜಿಯಿಂದ ಗೀರಿದಂಥ ಚಿಕ್ಕ ಗೀರುಗಳಾಗಿ ಕಾಣುತ್ತವೆ. ಸಾಗವಾನಿಯು ಬೇಸಿಗೆಯಲ್ಲಿ ಎಲೆಯುದುರಿಸಿ ಬರಿದಾಗಿ ನಿಂತು, ಹೊಸ ಬೆಳವಣಿಗೆ ಆರಂಭವಾದಾಗ ದೊಡ್ಡ ನಾಳಗಳನ್ನೂ ಆಮೇಲೆ ಋತು ಮುಗಿಯುತ್ತ ಬಂದಂತೆ ಚಿಕ್ಕವನ್ನೂ ಕಟ್ಟುತ್ತದೆ. ಆದ್ದರಿಂದ ಪ್ರತಿ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲೊಂದು ಹಾರದಂತೆ ಸುತ್ತಿಕೊಂಡಿರುತ್ತದೆ. ಮರದ ವಿಜ್ಞಾನದಲ್ಲಿ ಈ ಬಗೆಯನ್ನು ಉಂಗುರರಂಧ್ರ ಎನ್ನಬಹುದು. ಜಾಲಿಯಲ್ಲಿ ಅಂಥ ಹಾರವಿಲ್ಲ. ಅದರ ರಂಧ್ರಗಳು ಇಡೀ ಮುಖದ ಮೇಲೆ ಸಮನಾಗಿ ಚೆದುರಿದ್ದು, ಪ್ರತಿಯೊಂದರ ಸುತ್ತಲೂ ಮೆತ್ತನೆಯ ಅಂಗಾಂಶದ ಬೆಳ್ಳನೆಯ ಕಟ್ಟು ಇರುತ್ತದೆ, ಉಂಗುರಗಳು ಅಸ್ಪಷ್ಟ. ಈ ಒಂದೇ ಭೇದವು ಬಣ್ಣ ಮತ್ತು ತೂಕಗಳು ಕೂಡಿ ಹೇಳುವುದಕ್ಕಿಂತ ಹೆಚ್ಚನ್ನು ಹೇಳುತ್ತದೆ. 1881ರಲ್ಲಿ ಪ್ರಕಟವಾದ ಗ್ಯಾಂಬಲರ ಭಾರತೀಯ ಮರಗಳ ಕೈಪಿಡಿಯ ಕಾಲದಿಂದ ಇಂದಿನವರೆಗೂ ಮರ ಗುರುತಿಸುವವರು ಅಡ್ಡಕೊಯ್ತದ ಮುಖಕ್ಕೆ ಅಷ್ಟು ಬೆಲೆ ಕೊಡುವುದು ಈ ಕಾರಣಕ್ಕೆ.

ಕಡೆದ ಕಾಲಿಗೆ ಒಂದು ಅನುಕೂಲವಿದೆ. ಚೌಕದ ಕಾಲಿನ ಒಂದು ಮುಖ ಮಾತ್ರ ಚಿತ್ರದಲ್ಲಿ ಬಂದರೆ ಅದು ಉಂಗುರಗಳನ್ನು ಯಾವ ಕೋನದಲ್ಲಿ ಕೊಯ್ದಿದೆ ಎಂಬುದು ತಿಳಿಯದೆ ಎಳೆಯ ಅರ್ಥ ಕೆಡುತ್ತದೆ. ದುಂಡಗೆ ಕಡೆದ ಉಬ್ಬಿನಲ್ಲಾದರೋ ಎರಡು ಎದುರುಬದುರು ಪಕ್ಕಗಳಲ್ಲಿ ಉಂಗುರಗಳು ಒಂದರೊಳಗೊಂದು ಕೂತ ಅಂಡಾಕಾರಗಳಾಗಿಯೂ ಅಲ್ಲಿಂದ ಕಾಲುಸುತ್ತು ತಿರುಗಿದರೆ ನೇರ ಗೆರೆಗಳಾಗಿಯೂ ಕಾಣುತ್ತವೆ. ಸಾಗವಾನಿಯಲ್ಲಿ ಈ ಅಂಡಾಕಾರಗಳ ಅಂಚು ಒರಟಾದ ಗೀರುಗಳ ಪಟ್ಟಿಯಾಗಿರುತ್ತದೆ. ಪಾಲಿಶಿಗೆ ಮುಂಚೆ ಉಜ್ಜಿದ ಕೆಮ್ಮಣ್ಣು ಆ ಗೀರುಗಳಲ್ಲಿ ಕೂತು ಪಟ್ಟಿಯನ್ನು ಇನ್ನಷ್ಟು ಎದ್ದು ತೋರಿಸುತ್ತದೆ, ಮರೆಮಾಡಲೆಂದು ತುಂಬಿದ್ದೇ ಗುರುತಾಗಿಬಿಡುತ್ತದೆ. ಜಾಲಿಯ ಉಬ್ಬಿನಲ್ಲಿ ಬಣ್ಣದ ಮಬ್ಬು ಪಟ್ಟೆಗಳಿರಬಹುದು, ಗೀರುಗಳು ಮಾತ್ರ ಪಟ್ಟೆಗಳಿಗೆ ಗೌರವ ಕೊಡದೆ ಎಲ್ಲೆಡೆ ಹರಡಿರುತ್ತವೆ.

ಇದನ್ನೆಲ್ಲ ಕಾಣಲು ಚಿತ್ರದಲ್ಲಿ ಸೂಕ್ಷ್ಮತೆ ಇರಬೇಕು, ಮತ್ತು ಹೆಚ್ಚಿನ ಊಹೆಗಳು ಕೆಡುವುದು ಇಲ್ಲಿಯೇ. ಸಾಗವಾನಿಯ ದೊಡ್ಡ ರಂಧ್ರವೊಂದರ ಅಡ್ಡಳತೆ ಸುಮಾರು 0.3 ಮಿಲಿಮೀಟರು. 45 ಸೆಂಟಿಮೀಟರಿನ ಕಾಲನ್ನು ಪೂರ್ತಿಯಾಗಿ 4000 ಚುಕ್ಕೆಗಳ ಚಿತ್ರದಲ್ಲಿ ಹಿಡಿದರೆ ಆ ರಂಧ್ರಕ್ಕೆ ಮೂರು ಚುಕ್ಕೆಗಿಂತ ಹೆಚ್ಚು ಸಿಗುವುದಿಲ್ಲ. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಚಿತ್ರವು 1600 ಚುಕ್ಕೆಗಳ ಆಸುಪಾಸಿಗೆ ಕುಗ್ಗಿದರೆ ಒಂದೇ ಚುಕ್ಕೆ. ಅಷ್ಟರಲ್ಲಿ ಫೋನು ತಾನಾಗಿಯೇ ಮೇಲ್ಮೈಯನ್ನು ನುಣುಪುಗೊಳಿಸಿ ಉಳಿದದ್ದನ್ನೂ ಒರೆಸಿರುತ್ತದೆ. ಅದೇ ಫೋನು ಐದು ಸೆಂಟಿಮೀಟರು ಅಗಲದ ಜಾಗವನ್ನಷ್ಟೇ ಹತ್ತಿರದಿಂದ ಹಿಡಿದರೆ ರಂಧ್ರಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಚುಕ್ಕೆಗಳು ದೊರೆಯುತ್ತವೆ. ಇಡೀ ಮಂಚದ ಅಂದವಾದ ಹತ್ತು ಚಿತ್ರಗಳಿಗಿಂತ ಕಾಲಿನ ತಳದ ಒಂದು ಹತ್ತಿರದ ಚಿತ್ರ ಮೇಲು. ತಳವು ಮಣ್ಣು, ಫಿನಾಯಿಲು, ನೀರುಗಳಿಂದ ಮುಚ್ಚಿಹೋಗಿ ನಾರು ಜಜ್ಜಿರುವುದರಿಂದ ಹೆಬ್ಬೆರಳುಗುರಿನಷ್ಟು ಜಾಗವನ್ನು ಹೊಸ ಬ್ಲೇಡಿನಿಂದ ನಯವಾಗಿ ಕೆರೆದು, ಒದ್ದೆ ಬೆರಳಿನಿಂದ ಒಮ್ಮೆ ಸವರಿ, ಫ್ಲ್ಯಾಶ್ ಹಾಕದೆ ಬಾಗಿಲ ಬಳಿಯ ಬೆಳಕಿನಲ್ಲಿ ತೆಗೆಯಬೇಕು. ಅಳತೆಗೆ ಹತ್ತು ರೂಪಾಯಿಯ ನಾಣ್ಯ ಸಾಕು, ಅದರ ವ್ಯಾಸ 27 ಮಿಲಿಮೀಟರು. ಆದರೆ ಅದನ್ನು ಕಾಲಿಗೆ ತಾಗಿಸಿಯೇ ಹಿಡಿಯಬೇಕು. ಮುಂದೆ ನೆಲದ ಮೇಲಿಟ್ಟ ನಾಣ್ಯ ಕ್ಯಾಮೆರಾಕ್ಕೆ ಹತ್ತಿರವಾಗಿ ದೊಡ್ಡದಾಗಿ ಕಾಣುವುದರಿಂದ ಕಾಲು ಇದ್ದದ್ದಕ್ಕಿಂತ ತೆಳ್ಳಗೆ ಲೆಕ್ಕಕ್ಕೆ ಬರುತ್ತದೆ.

ಇಷ್ಟನ್ನೂ ಒಂದು ಉದಾಹರಣೆಯ ಮೇಲೆ ಹಚ್ಚಿ ನೋಡಬಹುದು. ಚಿತ್ತಾಪುರದ ಕಡೆಯ ಹಳೆಯ ಮನೆಯೊಂದರ ಕಡೆದ ಕಾಲಿನ ನವಾರಿನ ಹೊರಸು ಎಂದಿಟ್ಟುಕೊಳ್ಳೋಣ. ಕಾಲು ಕಪ್ಪುಗಂದು, ಮನೆಯ ಮಾತು ಶೀಸಂ ಎಂದು. ಶೀಸಂ ಎಂದರೆ ದಕ್ಷಿಣದಲ್ಲಿ ಬೀಟೆಯೆಂದು ಕರೆಯುವ, ನೇರಳೆ ಛಾಯೆಯ ಕಂದುಬಣ್ಣದ, ದುಬಾರಿ ಮರ. ಮೊದಲ ಚಿತ್ರದಲ್ಲಿ ಶಹಾಬಾದ್ ನೆಲವು ಹಳದಿಗೆ ತಿರುಗಿದೆ. ಅದನ್ನು ಬೂದಿಗೆ ತಂದೊಡನೆ ಕಾಲಿನಲ್ಲಿ ಕಂಡಿದ್ದ ಬೆಚ್ಚನೆಯ ಕೆಂಪು ಮಾಯವಾಗಿ ಬರಿಯ ಕಪ್ಪು ಉಳಿಯುತ್ತದೆ, ಅಂದರೆ ಕೆಂಪು ಬಲ್ಬಿನದಾಗಿತ್ತು. ಬಳೆಗಳ ಅಂಚು ಚೂಪಾಗಿದೆ, ಪೆಟ್ಟು ಬಿದ್ದಲ್ಲಿ ತಗ್ಗಿಲ್ಲ, ಚಕ್ಕೆ ಎದ್ದಿದೆ. ಆದ್ದರಿಂದ ಮಾವಿನಂಥ ಹಗುರ ಮರಗಳು ಹಿಂದೆ ಸರಿಯುತ್ತವೆ. ಚಕ್ಕೆ ಎದ್ದ ಕಡೆ ಕಪ್ಪು ಬಣ್ಣವು ಕಾಗದದಷ್ಟು ತೆಳುವಾಗಿದ್ದು ಅದರಡಿಯ ಮರ ಕೆಂಗಂದಾಗಿದೆ. ಶೀಸಂ ಆಗಿದ್ದರೆ ಗಾಢಬಣ್ಣ ಒಳಗೂ ಹೋಗಬೇಕಿತ್ತು. ಆದರೂ ಇದು ಬಣ್ಣದ ಸಾಕ್ಷಿಯಷ್ಟೆ. ಶೀಸಂ ಮಾಸುವುದೂ ಉಂಟು.

ಎರಡನೆಯ ಚಿತ್ರ ಕೆರೆದ ತಳದ್ದು. ರಂಧ್ರಗಳು ಚೆದುರಿವೆ, ಹಾರವಿಲ್ಲ, ಸಾಗವಾನಿ ಹೋಯಿತು. ಪ್ರತಿ ರಂಧ್ರದ ಸುತ್ತ ಬೆಳ್ಳನೆಯ ಕಟ್ಟು ಇದೆ. ಬೇವಿನಲ್ಲಿ ಉಂಗುರದ ಗಡಿಯಲ್ಲಿ ಹರಿಯುವ ತೆಳುವಾದ ಬಿಳಿಗೆರೆ ಇಲ್ಲಿ ಕಾಣುವುದಿಲ್ಲವಾದ್ದರಿಂದ ಬೇವೂ ದೂರವಾಯಿತು. ಶೀಸಂ ಮಾತ್ರ ಇನ್ನೂ ನಿಂತಿದೆ, ಅದರ ರಂಧ್ರಗಳೂ ಚೆದುರಿದವೇ. ಅದನ್ನು ಬೇರ್ಪಡಿಸುವ ಗುರುತು ತಳದಲ್ಲಿಲ್ಲ, ಅಂಡಾಕಾರಗಳು ಕಾಣುವ ಉಬ್ಬಿನ ಪಕ್ಕದಲ್ಲಿದೆ. ಶೀಸಂ, ಹೊನ್ನೆ ಇವೆರಡರಲ್ಲೂ ಮರದ ಅತಿಸಣ್ಣ ಕೋಶಗಳು ಮಹಡಿ ಮಹಡಿಯಾಗಿ ಸಾಲುಗಟ್ಟಿರುವುದರಿಂದ ಆ ಪಕ್ಕದಲ್ಲಿ ಎಳೆಗೆ ಅಡ್ಡಲಾಗಿ, ನಿಂತ ನೀರಿನ ಮೇಲಿನ ತೆರೆಯಂಥ, ಒಂದಕ್ಕೊಂದು ತೀರ ಹತ್ತಿರದ ನವಿರು ಗೆರೆಗಳು ಕಾಣುತ್ತವೆ. ಲೇಪ ಸವೆದ ಕಡೆ ಬೆಳಕನ್ನು ಓರೆಯಾಗಿ ಬೀಳಿಸಿ ತೆಗೆದ ಮೂರನೆಯ ಚಿತ್ರದಲ್ಲಿ ಅಂಥ ತೆರೆ ಇಲ್ಲ. ಜಾಲಿಯಲ್ಲಿ ಅದು ಇರುವುದಿಲ್ಲ. ಗೆರೆ ಕಾಣದಿರುವುದು ಗೆರೆ ಇಲ್ಲದಿರುವುದಕ್ಕೆ ಸಮನಲ್ಲ, ಚಿತ್ರ ಮಸುಕಾಗಿದ್ದರೂ ಕಾಣುವುದಿಲ್ಲ. ಅದೇ ಚಿತ್ರದಲ್ಲಿ ನಾಳದ ಗೀರುಗಳ ಅಂಚು ಸ್ಪಷ್ಟವಾಗಿದ್ದರೆ ಮಾತ್ರ ಈ ಸಾಕ್ಷಿಯನ್ನು ಒಪ್ಪಬೇಕು.

ಇಷ್ಟಾದ ಮೇಲೆ ಉತ್ತರ ಜಾಲಿ ಎಂದು ಬರೆದುಬಿಡುವ ಆಸೆ ಬರುತ್ತದೆ. ಆದರೆ ಕಾಡಿನ ಮತ್ತಿ ಮರಕ್ಕೂ ಚೆದುರಿದ ರಂಧ್ರ, ಬೆಳ್ಳನೆಯ ಕಟ್ಟು, ಗಟ್ಟಿತನ ಎಲ್ಲವೂ ಉಂಟು, ತೆರೆಗೆರೆ ಅದಕ್ಕೂ ಇಲ್ಲ. ಮತ್ತಿಯ ಚೇಗು ಕೆಂಪಿಗಿಂತ ಬೂದುಗಂದಿಗೆ ವಾಲುತ್ತದೆ, ಅದರಲ್ಲಿ ಕಪ್ಪು ಗೀಟುಗಳಿರುತ್ತವೆ. ಈ ಚಕ್ಕೆಯಲ್ಲಿ ಅವು ಕಾಣುತ್ತಿಲ್ಲ. ಚಿತ್ತಾಪುರದ ಸುತ್ತ ಬದುವಿನಲ್ಲಿ ಜಾಲಿ ಯಥೇಚ್ಛವಾಗಿ ಸಿಗುವುದೂ, ಬಂಡಿ, ನೇಗಿಲುಗಳಿಗೆ ಬಡಿಗೇರರು ಅದನ್ನೇ ನೆಚ್ಚಿದ್ದೂ ಅದರ ಪರವಾಗಿವೆ, ಆದರೆ ಅದು ಊರಿನ ಸಾಕ್ಷಿಯೇ ಹೊರತು ಮರದ ಸಾಕ್ಷಿಯಲ್ಲ. ಕರಿಜಾಲಿಯನ್ನು ಬಿಳಿಜಾಲಿಯಿಂದ ಚಿತ್ರದಲ್ಲಿ ಬೇರ್ಪಡಿಸುವುದಂತೂ ಆಗದ ಮಾತು. ಹಾಗಾಗಿ ಪ್ರಾಮಾಣಿಕ ಉತ್ತರದ ರೂಪ ಹೀಗಿರುತ್ತದೆ: ಸಾಗವಾನಿ ಖಂಡಿತ ಅಲ್ಲ, ಶೀಸಂ ಬಹುಮಟ್ಟಿಗೆ ಅಲ್ಲ, ಜಾಲಿಯ ಬಳಗದ್ದಿರಬೇಕು, ಮತ್ತಿಯನ್ನು ತಳ್ಳಿಹಾಕುವಂತಿಲ್ಲ. ಇದಕ್ಕಿಂತ ಖಚಿತವಾಗಿ ಬೇಕೆನ್ನುವವರು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕಡೆಗೆ ಚೂರೊಂದನ್ನು ಕಳಿಸಬೇಕು. ಅಲ್ಲಿ ಚೂರನ್ನು ತೆಳುಪದರವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಬೇರೊಂದು ಕಾಲು ಸಾಗವಾನಿಯದೆಂದು ಗೊತ್ತಾದರೂ ಅದು ಬರ್ಮಾದ ಸಾಗವಾನಿಯೋ ಬಲ್ಲಾರ್ಷಾದ್ದೋ ಎಂಬ ಪ್ರಶ್ನೆಗೆ ಚಿತ್ರದಿಂದ ಉತ್ತರ ಸಿಗುವುದಿಲ್ಲ. ಒತ್ತೊತ್ತಾದ ಉಂಗುರಗಳು ಮರ ನಿಧಾನವಾಗಿ ಬೆಳೆಯಿತೆಂದು ಹೇಳುತ್ತವೆ, ಎಲ್ಲಿ ಬೆಳೆಯಿತೆಂದು ಹೇಳುವುದಿಲ್ಲ. ಒಣನೆಲದಲ್ಲಿ ಗಿಡ್ಡವಾಗಿ ಬೆಳೆದ ಸಾಗವಾನಿಯ ಉಂಗುರಗಳೂ ಒತ್ತಾಗಿಯೇ ಇರಬಹುದು.

ಇನ್ನೊಂದು ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. ಹೊರಸಿಗೆ ನಾಲ್ಕು ಕಾಲು, ಚಿತ್ರ ಬಂದಿರುವುದು ಒಂದರದು. ಮನೆಯ ಹಿಂಗೋಡೆಯ ತೇವಕ್ಕೆ ತಾಗಿ ನಿಂತ ಕಾಲು ಉಳಿದವುಗಳಿಗಿಂತ ಮೊದಲು ಕೊಳೆಯುತ್ತದೆ, ಆಗ ಬಡಿಗೇರನು ಕೈಗೆ ಸಿಕ್ಕ ಮರದಲ್ಲಿ ಅದೇ ಅಚ್ಚಿನ ಕಾಲನ್ನು ಕಡೆದು ಅದೇ ಕಪ್ಪನ್ನು ಬಳಿದು ಕೂರಿಸುತ್ತಾನೆ. ಹೊಸ ಕಾಲಿನ ಬಳೆಗಳು ಹಳೆಯವುಗಳಿಗಿಂತ ಕೂದಲೆಳೆಯಷ್ಟು ಮೇಲೆಯೋ ಕೆಳಗೆಯೋ ಇರುತ್ತವೆ, ಚೌಕಟ್ಟು ಸೇರುವ ಗುಳಿಯ ಅಂಚಿನಲ್ಲಿ ಸಂದು ಬಿಟ್ಟಿರುತ್ತದೆ ಅಥವಾ ಅಗಲ ಸಾಲದೆ ಬೆಣೆ ಹೊಡೆದಿರುತ್ತದೆ. ಆದ್ದರಿಂದ ಜಾಲಿಯೆಂಬ ತೀರ್ಮಾನವನ್ನು ಹೊರಸಿಗೆ ಹಚ್ಚುವ ಮುನ್ನ ನಾಲ್ಕೂ ಕಾಲುಗಳ ತಳದ ಚಿತ್ರಗಳನ್ನು, ಯಾವುದು ಯಾವ ಮೂಲೆಯದೆಂದು ಬರೆದು, ತರಿಸಿಕೊಳ್ಳಬೇಕು.